ಬ್ರೋಷರಿನಿಂದ ಬಾಗಿಲಿಗೆ: ಮನೆ ತೋರಿಸುವ ವಿಡಿಯೋಗೆ ಮಾತು ಬರೆಯುವುದು

ಅಪಾರ್ಟ್‌ಮೆಂಟ್ ಬ್ರೋಷರನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಬೆಲೆ ಹುಡುಕುತ್ತಾರೆ, ನಕ್ಷೆಯ ಪುಟ ತೆಗೆದು ಅಡುಗೆಮನೆ ಎಲ್ಲಿದೆ ನೋಡುತ್ತಾರೆ, ಈಜುಕೊಳದ ಚಿತ್ರದ ಮೇಲೆ ಒಮ್ಮೆ ಕಣ್ಣಾಡಿಸಿ ಮಡಚಿಡುತ್ತಾರೆ. ಬ್ರೋಷರ್ ಬರೆಯುವವರಿಗೂ ಇದು ಗೊತ್ತು. ಹಾಗಾಗಿ ಅವರು ಮನೆಯನ್ನು ಮಾರಾಟದ ಕ್ರಮದಲ್ಲಿ ಜೋಡಿಸುತ್ತಾರೆ. ಮೊದಲು ಕ್ಲಬ್‌ಹೌಸ್, ಆಮೇಲೆ ಮಾಸ್ಟರ್ ಬೆಡ್‌ರೂಮ್, ಆಮೇಲೆ ಹಾಲ್, ಎಲ್ಲ ಮುಗಿದ ಮೇಲೆ ಸಣ್ಣಕ್ಷರದಲ್ಲಿ ಅಳತೆ.

ಅದೇ ಬ್ರೋಷರನ್ನು ಕೈಗಿತ್ತು ‘ಇದಕ್ಕೊಂದು ವಿಡಿಯೋ ಮಾಡಿ, ಮನೆಯೊಳಗೆ ನಡೆದುಕೊಂಡು ಹೋದ ಹಾಗಿರಲಿ’ ಎಂದರೆ ಬಹಳ ಜನ ಮಾಡುವುದು ಒಂದೇ ಕೆಲಸ. ಬ್ರೋಷರಿನ ಸಾಲುಗಳನ್ನು ಗಂಭೀರ ಧ್ವನಿಯಲ್ಲಿ ಓದಿಸಿ, ಕೆಳಗೆ ಕೋಣೆಗಳ ದೃಶ್ಯ ಅಂಟಿಸುತ್ತಾರೆ. ಮಾತು ಮಾಸ್ಟರ್ ಬೆಡ್‌ರೂಮಿನಲ್ಲಿರುವಾಗ ಚಿತ್ರ ಇನ್ನೂ ಲಿಫ್ಟ್ ಮುಂದೆ ನಿಂತಿರುತ್ತದೆ. ನೋಡುವವರಿಗೆ ಎರಡೂ ದಕ್ಕುವುದಿಲ್ಲ. ದುಬೈನಲ್ಲೋ ನ್ಯೂಜೆರ್ಸಿಯಲ್ಲೋ ಕೂತು ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟವರಿಗೆ ಈ ವಿಡಿಯೋವೇ ಮನೆ ನೋಡುವ ಮೊದಲ ಅವಕಾಶ. ಅಂಥವರಿಗಾಗಿ ಬರೆಯುವ ಸ್ಕ್ರಿಪ್ಟ್ ಕಾಲಿನ ಕ್ರಮದಲ್ಲಿರಬೇಕು, ಮಾರಾಟದ ಕ್ರಮದಲ್ಲಲ್ಲ. ಯಾವ ಕೋಣೆಗೆ ಎಷ್ಟು ಮಾತು ಎಂಬುದನ್ನು ಆ ಕೋಣೆಯ ಉದ್ದ ತೀರ್ಮಾನಿಸುತ್ತದೆ.

ಒಂದು ಮಾದರಿ ಮನೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಹೊರವಲಯದ ಒಂದು ಹೊಸ ಕಟ್ಟಡ, ಐದನೇ ಮಹಡಿ, ಎರಡು ಬೆಡ್‌ರೂಮಿನ ಮನೆ. ಬ್ರೋಷರಿನಲ್ಲಿ ‘1150 ಚದರ ಅಡಿ’ ಎಂದು ದೊಡ್ಡದಾಗಿ ಅಚ್ಚಾಗಿದೆ. ‘ಪೂರ್ವಾಭಿಮುಖ, ವಾಸ್ತು ಪ್ರಕಾರ, ಗಾಳಿ ಬೆಳಕು ತುಂಬಿದ ಬಾಲ್ಕನಿ, ಆಧುನಿಕ ಗೃಹಿಣಿಯ ಕನಸಿನ ಅಡುಗೆಮನೆ’ ಇತ್ಯಾದಿ. ಇದು ನಾನು ಈ ಲೇಖನಕ್ಕಾಗಿ ಕಟ್ಟಿಕೊಂಡ ಮನೆ. ಆದರೆ ಇಂಥ ಬ್ರೋಷರ್ ನಿಮ್ಮ ಮನೆಯ ಟೀಪಾಯಿ ಮೇಲೂ ಒಂದು ಬಿದ್ದಿರಬಹುದು.

ಮೊದಲ ಕೆಲಸ ಪೆನ್ನು ಹಿಡಿಯುವುದಲ್ಲ, ನಕ್ಷೆಯ ಮೇಲೆ ಬೆರಳಿಟ್ಟು ನಡೆಯುವುದು. ನಮ್ಮಲ್ಲಿ ‘ಪೂರ್ವದ ಬಾಗಿಲು’ ಎಂದರೆ ಒಳಗಿನಿಂದ ಹೊರಗೆ ಬರುವಾಗ ಮುಖ ಪೂರ್ವಕ್ಕಿರುತ್ತದೆ ಎಂದರ್ಥ. ಕ್ಯಾಮೆರಾ ಒಳಗೆ ಹೋಗುತ್ತಿದೆ, ಹಾಗಾಗಿ ಅದರ ಮುಖ ಪಶ್ಚಿಮಕ್ಕೆ. ಎಡಗೈ ಕಡೆ ದಕ್ಷಿಣ, ಬಲಗೈ ಕಡೆ ಉತ್ತರ. ವಾಸ್ತು ಪ್ರಕಾರ ಅಡುಗೆಮನೆ ಆಗ್ನೇಯದಲ್ಲಿದ್ದರೆ ಅದು ಬಾಗಿಲು ದಾಟಿದ ಕೂಡಲೇ ಎಡಕ್ಕೆ ಸಿಗಬೇಕು. ಈಶಾನ್ಯದ ದೇವರ ಗೂಡು ಕೂಡಲೇ ಬಲಕ್ಕೆ. ನೈಋತ್ಯದ ಮಾಸ್ಟರ್ ಬೆಡ್‌ರೂಮ್ ಎಡಗಡೆ ತುದಿಯಲ್ಲಿ, ಎರಡನೇ ಬೆಡ್‌ರೂಮ್ ಬಲಗಡೆ ತುದಿಯಲ್ಲಿ. ಬಾಗಿಲಲ್ಲಿ ನಿಂತರೆ ನೇರ ಎದುರಿಗೆ, ಹಾಲ್‌ನ ಆಚೆ ಕಾಣುವುದು ಬಾಲ್ಕನಿ.

ಈಗ ಬ್ರೋಷರ್ ಬಿಟ್ಟುಕೊಡದ ಎರಡು ಸಂಗತಿ ಹೊರಬಿದ್ದವು. ಬ್ರೋಷರಿನಲ್ಲಿ ಐದನೇ ಪುಟದಲ್ಲಿದ್ದ ಅಡುಗೆಮನೆ ವಿಡಿಯೋದಲ್ಲಿ ಎರಡನೆಯದಾಗಿ ಬರಬೇಕು, ಏಕೆಂದರೆ ಕಾಲಿಗೆ ಮೊದಲು ಸಿಗುವುದು ಅದು. ಇನ್ನೊಂದು, ‘ಪೂರ್ವಾಭಿಮುಖ’ ಮನೆಯ ಬಾಲ್ಕನಿ ಇರುವುದು ಪಶ್ಚಿಮಕ್ಕೆ. ಎರಡು ಮಾತೂ ಬ್ರೋಷರಿನಲ್ಲಿ ಸುಳ್ಳಲ್ಲ, ಬೇರೆ ಬೇರೆ ಪುಟದಲ್ಲಿವೆ ಅಷ್ಟೆ. ನಡೆದಾಗ ಮಾತ್ರ ಒಂದಕ್ಕೊಂದು ಸೇರುತ್ತವೆ.

ಎರಡನೇ ಕೆಲಸ ಗಡಿಯಾರದ್ದು. ಕ್ಯಾಮೆರಾ ಹಿಡಿದು ಅಲುಗಾಡದಂತೆ ನಡೆಯುವವರು ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಸಾಗುತ್ತಾರೆ. ಅದಕ್ಕಿಂತ ಜೋರಾದರೆ ನೋಡುವವರಿಗೆ ತಲೆ ಸುತ್ತುತ್ತದೆ. ನಮ್ಮ ಹಾಲ್ 20 ಅಡಿ ಉದ್ದ, ಅಂದರೆ ಆರು ಮೀಟರ್. ದಾಟಲು 12 ಸೆಕೆಂಡು ಬೇಕು. ಇನ್ನು ಮಾತು. ಕನ್ನಡದ ಪದಗಳು ವಿಭಕ್ತಿ, ಪ್ರತ್ಯಯಗಳನ್ನೆಲ್ಲ ಹೊತ್ತುಕೊಂಡು ಉದ್ದವಾಗಿರುತ್ತವೆ. ‘ಬಾಲ್ಕನಿಯಲ್ಲಿರುವ’ ಎಂಬ ಒಂದೇ ಪದ ಹೇಳಲು ಹಿಡಿಯುವ ಹೊತ್ತು ನೋಡಿ. ಮನೆ ತೋರಿಸುವ ಸಾವಧಾನದ ಧ್ವನಿಯಲ್ಲಿ ಎರಡು ಸೆಕೆಂಡಿಗೆ ಮೂರು ಪದ ಎಂಬ ಲೆಕ್ಕ ಇಟ್ಟುಕೊಂಡರೆ ಉಸಿರು ಕಟ್ಟುವುದಿಲ್ಲ. ಇಂಗ್ಲಿಷ್ ಸ್ಕ್ರಿಪ್ಟಿಗೆ ಮಾಡಿದ ಪದಗಳ ಲೆಕ್ಕವನ್ನು ಕನ್ನಡಕ್ಕೆ ಹಾಗೇ ಹಾಕಿದರೆ ಓದುವವರು ಕೊನೆಯ ಸಾಲುಗಳನ್ನು ಹರಾಜು ಕೂಗುವವರ ಥರ ಓಡಿಸಬೇಕಾಗುತ್ತದೆ.

ಹಾಲ್ ದಾಟುವ 12 ಸೆಕೆಂಡಿಗೆ 18 ಪದ ಎಂದಾಯಿತು. ಅದನ್ನೂ ಪೂರ್ತಿ ತುಂಬಬಾರದು. ಮೂರರಲ್ಲಿ ಒಂದು ಪಾಲು ಮೌನ ಬಿಡಬೇಕು, ಏಕೆಂದರೆ ಹೊಸ ಕೋಣೆ ಕಂಡ ಕೂಡಲೇ ಜನ ಕೇಳುವುದನ್ನು ನಿಲ್ಲಿಸಿ ನೋಡಲು ತೊಡಗುತ್ತಾರೆ. ಬಾಗಿಲು ದಾಟಿದ ಮೊದಲ ಎರಡು ಸೆಕೆಂಡಿನಲ್ಲಿ ಹೇಳಿದ್ದು ಬಹುಪಾಲು ವ್ಯರ್ಥ. ಅಳತೆಯನ್ನಂತೂ ಅಲ್ಲಿ ಹೇಳಲೇಬಾರದು.

ನಮ್ಮ ಮನೆಗೆ ಲೆಕ್ಕ ಹೀಗೆ ಬಂತು: ಬಾಗಿಲಿಗೆ 12 ಸೆಕೆಂಡು, ಅಡುಗೆಮನೆ ಮತ್ತು ಯುಟಿಲಿಟಿಗೆ 30, ಹಾಲ್‌ಗೆ 25, ಎರಡನೇ ಬೆಡ್‌ರೂಮಿಗೆ 18, ಎರಡು ಬಚ್ಚಲುಮನೆಗೂ ಸೇರಿ 10, ಮಾಸ್ಟರ್ ಬೆಡ್‌ರೂಮಿಗೆ 22, ಬಾಲ್ಕನಿಗೆ 18, ಕೊನೆಯ ಅಕ್ಷರಫಲಕಕ್ಕೆ 8. ಒಟ್ಟು ಎರಡು ನಿಮಿಷ 23 ಸೆಕೆಂಡು. ಮೌನ ಕಳೆದರೆ ಮಾತಿಗೆ ಉಳಿದದ್ದು ಸುಮಾರು 140 ಪದ. ಬ್ರೋಷರಿನಲ್ಲಿ ಇದರ ಎಷ್ಟೋ ಪಟ್ಟು ಮಾತಿದೆ. ಹಾಗಾಗಿ ಇದು ಸಂಗ್ರಹಿಸುವ ಕೆಲಸವಲ್ಲ, ಬಿಸಾಡುವ ಕೆಲಸ.

ಏನನ್ನು ಬಿಸಾಡುವುದು ಎಂಬುದಕ್ಕೆ ಒಂದೇ ಅಳತೆಗೋಲು ಸಾಕು. ಕಣ್ಣಿಗೆ ಕಾಣುವುದನ್ನು ಬಾಯಿ ಹೇಳಬಾರದು. ‘ವಿಶಾಲವಾದ ಹಾಲ್’, ‘ಸುಂದರ ಟೈಲ್ಸ್’, ‘ದೊಡ್ಡ ಕಿಟಕಿ’ ಎಲ್ಲವೂ ಹೋದವು. ವಿಶಾಲವೋ ಅಲ್ಲವೋ ನೋಡುವವರು ತೀರ್ಮಾನಿಸುತ್ತಾರೆ. ಹೇಳಬೇಕಾದದ್ದು ಕ್ಯಾಮೆರಾಕ್ಕೆ ಸಿಗದ್ದು: ದಿಕ್ಕು, ಅಳತೆ, ಯಾವ ಹೊತ್ತಿಗೆ ಬಿಸಿಲು, ಯಾವುದು ಬಿಲ್ಡರ್ ಕೊಡುವುದು, ಯಾವುದು ನಮ್ಮ ಜೇಬಿನದು.

ಬಾಗಿಲಿನ ಸಾಲನ್ನು ಹೀಗೆ ಬರೆಯಬಹುದು:

ಚಿತ್ರ: ಲಿಫ್ಟ್ ಕಡೆಯಿಂದ ಬಾಗಿಲು ತೆರೆಯುತ್ತದೆ. ಹೊಸ್ತಿಲಲ್ಲಿ ಮೂರು ಸೆಕೆಂಡು ನಿಲುಗಡೆ. ನಿಧಾನ ಬಲಕ್ಕೆ, ಆಮೇಲೆ ಎಡಕ್ಕೆ ತಿರುಗು.
ಧ್ವನಿ: (ನಿಲುಗಡೆ ಮುಗಿದ ಮೇಲೆ) ಬಾಗಿಲು ಪೂರ್ವಕ್ಕಿದೆ. ಒಳಗೆ ಬಂದರೆ ಬಲಗಡೆ ದೇವರ ಗೂಡು, ಎಡಗಡೆ ಅಡುಗೆಮನೆ. ಎದುರಿಗೆ ಕಾಣುವ ಬಾಲ್ಕನಿ ಪಶ್ಚಿಮದ್ದು.

ಹದಿಮೂರು ಪದ, ಒಂಬತ್ತು ಸೆಕೆಂಡಿನ ಮಾತು. ನೋಡುವವರ ತಲೆಯಲ್ಲಿ ಅಷ್ಟರಲ್ಲೇ ಮನೆಯ ನಕ್ಷೆ ಬಿದ್ದಿರುತ್ತದೆ. ಮುಂದಿನ ಕೋಣೆಗಳೆಲ್ಲ ಇದರ ಮೇಲೆ ಕೂರುತ್ತವೆ. ಕ್ಯಾಮೆರಾ ತಿರುಗುವ ಕ್ರಮವೂ ಮಾತಿನ ಕ್ರಮವೂ ಒಂದೇ ಆಗಿರುವುದನ್ನು ಗಮನಿಸಿ: ಮೊದಲು ಬಲ, ಆಮೇಲೆ ಎಡ, ಆಮೇಲೆ ಎದುರು. ಸ್ಕ್ರಿಪ್ಟಿನಲ್ಲಿ ಚಿತ್ರ ಮತ್ತು ಧ್ವನಿ ಎಂದು ಎರಡು ಭಾಗ ಮಾಡಿಕೊಳ್ಳುವುದು ಇದಕ್ಕೇ. ಎರಡೂ ಅಕ್ಕಪಕ್ಕ ಇದ್ದರೆ ತಪ್ಪು ಕಾಗದದ ಮೇಲೇ ಸಿಕ್ಕಿಬೀಳುತ್ತದೆ.

ಇನ್ನು ಅಡುಗೆಮನೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಬ್ರೋಷರಿನ ಅತ್ಯಂತ ಜಾಣ ಪದ ಇಲ್ಲೇ ಇರುವುದು. ‘ಮಾಡ್ಯುಲರ್ ಕಿಚನ್‌ಗೆ ಅವಕಾಶ’, ‘ಚಿಮಣಿಗೆ ಅವಕಾಶ’, ‘ವಾಟರ್ ಪ್ಯೂರಿಫೈಯರ್‌ಗೆ ಅವಕಾಶ’. ಅವಕಾಶ ಎಂದರೆ ಗೋಡೆಯಲ್ಲೊಂದು ಪ್ಲಗ್ ಪಾಯಿಂಟ್, ಒಂದು ನೀರಿನ ಪೈಪು ಅಥವಾ ಒಂದು ತೂತು, ಅದಕ್ಕಿಂತ ಹೆಚ್ಚಲ್ಲ. ಆದರೆ ಚಿತ್ರೀಕರಣ ನಡೆಯುವುದು ಸಾಮಾನ್ಯವಾಗಿ ಮಾದರಿ ಫ್ಲ್ಯಾಟಿನಲ್ಲಿ. ಅಲ್ಲಿ ಚಿಮಣಿ ಹೊಳೆಯುತ್ತಿರುತ್ತದೆ, ಕಪಾಟಿನ ಬಾಗಿಲು ಮೆತ್ತಗೆ ಮುಚ್ಚಿಕೊಳ್ಳುತ್ತದೆ. ಓದುವಾಗ ‘ಅವಕಾಶ’ ಎಂಬ ಪದವಾದರೂ ಕಣ್ಣಿಗೆ ಬೀಳುವ ಸಾಧ್ಯತೆ ಇತ್ತು. ವಿಡಿಯೋದಲ್ಲಿ ಕಂಡದ್ದೆಲ್ಲ ಸಿಗುತ್ತದೆ ಎಂದೇ ಅರ್ಥ. ಹಾಗಾಗಿ ಬರೆಯುವವರು ಇಲ್ಲಿ ಬಾಯಿ ಬಿಡಲೇಬೇಕು:

ಚಿತ್ರ: ಅಡುಗೆಮನೆ ಬಾಗಿಲಿನಿಂದ ಕಟ್ಟೆಯ ಉದ್ದಕ್ಕೂ ನಡೆ. ಸಿಂಕ್ ಬಳಿ ನಿಲುಗಡೆ. ಅಳತೆ ತೆರೆಯ ಮೇಲೆ.
ಧ್ವನಿ: ಅಡುಗೆಮನೆ ಎಂಟಡಿ ಅಗಲ, ಹತ್ತಡಿ ಉದ್ದ. ಗ್ರಾನೈಟ್ ಕಟ್ಟೆ, ಸಿಂಕ್ ಬಿಲ್ಡರ್ ಕೊಡುತ್ತಾರೆ. ಕಪಾಟು, ಚಿಮಣಿ ನಿಮ್ಮ ಖರ್ಚು.
ಚಿತ್ರ: ಯುಟಿಲಿಟಿಗೆ ದಾಟು. ನಲ್ಲಿ ಮತ್ತು ನೀರು ಹೋಗುವ ಜಾಗದ ಹತ್ತಿರದ ನೋಟ.
ಧ್ವನಿ: ವಾಷಿಂಗ್ ಮಷೀನ್ ಇಲ್ಲಿ. ಪಾತ್ರೆ ತೊಳೆಯುವ ಸಿಂಕೂ ಇಲ್ಲೇ.

‘ನಿಮ್ಮ ಖರ್ಚು’ ಎಂಬ ಎರಡು ಪದ ಕಂಡರೆ ಮಾರಾಟ ವಿಭಾಗದವರ ಮುಖ ಸಪ್ಪಗಾಗುತ್ತದೆ. ‘ಸರ್, ಅದನ್ನ ಸೈಟಿಗೆ ಬಂದಾಗ ಹೇಳ್ಕೋತೀವಿ’ ಎನ್ನುತ್ತಾರೆ. ಬಿಡಬಾರದು. ಕೊಳ್ಳುವವರ ಮೇಲಿನ ಪ್ರೀತಿಯಿಂದ ಮಾತ್ರ ಹೀಗೆ ಹೇಳುತ್ತಿಲ್ಲ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಎಲ್ಲರೂ ರೇರಾ ಎನ್ನುವುದು, ಜಾಹೀರಾತು ಎಂದರೆ ಯಾವುದೇ ಮಾಧ್ಯಮದ ಪ್ರಚಾರ ಎಂದು ಹೇಳುತ್ತದೆ. ಅದರ 12ನೇ ಕಲಮಿನ ಪ್ರಕಾರ ಜಾಹೀರಾತಿನಲ್ಲೋ ಮಾದರಿ ಫ್ಲ್ಯಾಟಿನಲ್ಲೋ ಇದ್ದ ಸುಳ್ಳು ಮಾಹಿತಿ ನಂಬಿ ಮುಂಗಡ ಕೊಟ್ಟು ನಷ್ಟವಾದವರಿಗೆ ಬಿಲ್ಡರ್ ಪರಿಹಾರ ಕೊಡಬೇಕು. ಕೊಳ್ಳುವುದೇ ಬೇಡ ಎಂದರೆ ಕಟ್ಟಿದ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಮಾದರಿ ಫ್ಲ್ಯಾಟಿನಲ್ಲಿ ತೆಗೆದ ವಿಡಿಯೋ ಈ ಎರಡೂ ಆಗಿರುತ್ತದೆ. ಆ ಎರಡು ಪದ ಬಿಲ್ಡರನ್ನೂ ಕಾಯುತ್ತವೆ.

ಯುಟಿಲಿಟಿಯಿಂದ ಹಾಲ್‌ಗೆ ಬರುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಅಡುಗೆಮನೆ ಮುಂದೆ ದಾರಿಯಿಲ್ಲದ ಕೋಣೆ. ಹೋದ ದಾರಿಯಲ್ಲೇ ಹಿಂದೆ ಬರುವುದನ್ನು ತೋರಿಸಿದರೆ ಹತ್ತು ಸೆಕೆಂಡು ದಂಡ. ಕತ್ತರಿಸಿ ನೇರ ಹಾಲ್‌ಗೆ ಹಾರಿದರೆ ನೋಡುವವರಿಗೆ ದಿಕ್ಕು ತಪ್ಪುತ್ತದೆ. ಕತ್ತರಿಸುವುದೇ ಸರಿ, ಆದರೆ ಕತ್ತರಿಸಿದ ಪ್ರತಿ ಜಾಗದಲ್ಲೂ ಮೊದಲ ಮಾತು ದಿಕ್ಕಿನದಾಗಿರಬೇಕು: ‘ಮತ್ತೆ ಹಾಲ್‌ಗೆ. ಅಡುಗೆಮನೆ ಈಗ ನಮ್ಮ ಬೆನ್ನ ಹಿಂದೆ.’ ಬ್ರೋಷರಿನಲ್ಲಿ ಇಂಥ ಸಾಲು ಇರುವುದೇ ಇಲ್ಲ, ಏಕೆಂದರೆ ಕಾಗದದಲ್ಲಿ ಯಾರೂ ಎಲ್ಲಿಗೂ ತಿರುಗುವುದಿಲ್ಲ. ಇಡೀ ಸ್ಕ್ರಿಪ್ಟಿನಲ್ಲಿ ಬರೆಯುವವರು ಹೊಸದಾಗಿ ಸೃಷ್ಟಿಸಬೇಕಾದ ಮಾತು ಈ ಜೋಡಣೆಯ ಸಾಲುಗಳು ಮಾತ್ರ. ಉಳಿದದ್ದು ಬ್ರೋಷರಿನಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ಎರಡನೇ ಬೆಡ್‌ರೂಮಿಗೆ ಬಂದರೆ ಅಳತೆಯ ಪ್ರಶ್ನೆ. ಬ್ರೋಷರ್ ‘10 x 11’ ಎನ್ನುತ್ತದೆ. ಕೇಳಿಸಿಕೊಂಡ ಸಂಖ್ಯೆ ಯಾರ ತಲೆಯಲ್ಲೂ ಕೋಣೆಯಾಗುವುದಿಲ್ಲ. ಅದರ ಮೇಲೆ ಫೋನಿನ 0.5x ಲೆನ್ಸಿನಲ್ಲಿ ತೆಗೆದರೆ ಹತ್ತಡಿಯ ಕೋಣೆ ಮದುವೆ ಛತ್ರದ ಹಾಗೆ ಕಾಣುತ್ತದೆ. ಗೋಡೆಗಳು ದೂರ ಸರಿಯುತ್ತವೆ, ಅಂಚಿನಲ್ಲಿರುವ ಮಂಚ ಎಳೆದಂತಾಗುತ್ತದೆ. ಸ್ಕ್ರಿಪ್ಟಿನಲ್ಲೇ ‘ಬೆಡ್‌ರೂಮ್: 1x ಲೆನ್ಸ್, ಮೂಲೆಯಿಂದ’ ಎಂದು ಬರೆದಿಡುವುದು ಒಳ್ಳೆಯದು. ಮಾತಿನಲ್ಲಿ ಅಳತೆಯನ್ನು ಸಾಮಾನಿಗೆ ತಿರುಗಿಸಬೇಕು. ಐದಡಿ ಅಗಲದ ಮಂಚ ಆರೂವರೆ ಅಡಿ ಉದ್ದ ಇರುತ್ತದೆ. ತಲೆಯ ಕಡೆ ಒಂದು ಗೋಡೆಗೆ ತಾಗಿಸಿ, ಎದುರು ಗೋಡೆಗೆ ಎರಡಡಿ ಆಳದ ಬೀರು ನಿಲ್ಲಿಸಿದರೆ ಹನ್ನೊಂದು ಅಡಿಯಲ್ಲಿ ಉಳಿಯುವುದು ಎರಡೂವರೆ ಅಡಿ. ಮಂಚದ ಅಕ್ಕಪಕ್ಕವೂ ಎರಡೂವರೆ ಅಡಿ.

ಧ್ವನಿ: ಐದಡಿ ಮಂಚ, ಎದುರು ಗೋಡೆಗೆ ಬೀರು ಇಟ್ಟರೆ ನಡುವೆ ಎರಡೂವರೆ ಅಡಿ ಓಡಾಟದ ಜಾಗ. ಓದುವ ಮೇಜಿಗೆ ಜಾಗ ಬಿಗಿ.

ಮಕ್ಕಳಿರುವ ಮನೆಯವರಿಗೆ ‘ಓದುವ ಮೇಜಿಗೆ ಜಾಗ ಬಿಗಿ’ ಎಂಬುದು ನಾಲ್ಕು ಪುಟದ ಬ್ರೋಷರಿಗಿಂತ ಹೆಚ್ಚು ಹೇಳುತ್ತದೆ. ಮಾದರಿ ಫ್ಲ್ಯಾಟಿನಲ್ಲಿ ಮಂಚ ಮಾಮೂಲಿ ಅಳತೆಯದೇ ಎಂದು ಟೇಪು ಹಿಡಿದು ನೋಡಿಕೊಳ್ಳಿ. ಕೋಣೆ ದೊಡ್ಡದಾಗಿ ಕಾಣಲೆಂದು ಗಿಡ್ಡ ಮಂಚ, ಸಣ್ಣ ಸೋಫಾ ಮಾಡಿಸಿಡುವುದು ಈ ವ್ಯಾಪಾರದ ಹಳೆಯ ಚಾಳಿ. ಬಾಗಿಲುಗಳನ್ನೇ ಕೂರಿಸದೆ ಬಿಡುವುದೂ ಅದೇ ಜಾತಿಯದು, ಬಾಗಿಲು ತೆರೆಯಲು ಬೇಕಾದ ಜಾಗ ಆಗ ಲೆಕ್ಕಕ್ಕೇ ಬರುವುದಿಲ್ಲ.

ಬಚ್ಚಲುಮನೆಗೆ ಐದು ಸೆಕೆಂಡು ಸಾಕು. ಕಿಟಕಿ ಹೊರಗೆ ತೆರೆಯುತ್ತದೆಯೋ ಪೈಪುಗಳ ಡಕ್ಟಿಗೆ ತೆರೆಯುತ್ತದೆಯೋ, ಅಷ್ಟು ಹೇಳಿದರೆ ಆಯಿತು. ಕನ್ನಡಿಯಲ್ಲಿ ಕ್ಯಾಮೆರಾ ಹಿಡಿದವರು ಕಾಣದಂತೆ ಬಾಗಿಲ ಪಕ್ಕದಿಂದಲೇ ತೆಗೆಯುತ್ತಾರೆ, ಹಾಗಾಗಿ ಆ ದೃಶ್ಯ ಹೇಗೂ ಮೊಟಕು. ಮಾಸ್ಟರ್ ಬೆಡ್‌ರೂಮಿಗೂ ಎರಡನೆಯದಕ್ಕೆ ಹೇಳಿದ ರೀತಿಯೇ. ಆರಡಿ ಮಂಚ ಹಿಡಿಸುತ್ತದೆ, ಎ.ಸಿ. ಪಾಯಿಂಟ್ ಯಾವ ಗೋಡೆಗಿದೆ, ಮುಗಿಯಿತು.

ಬಾಲ್ಕನಿಯನ್ನು ಕೊನೆಗಿಟ್ಟದ್ದಕ್ಕೆ ಕಾರಣವಿದೆ. ಪಶ್ಚಿಮದ ಬಾಲ್ಕನಿಯನ್ನು ಕ್ಯಾಮೆರಾದವರು ಬೆಳಗ್ಗೆಯೇ ತೆಗೆಯಲು ಬಯಸುತ್ತಾರೆ. ಆಗ ಸೂರ್ಯ ಬೆನ್ನ ಹಿಂದೆ. ಬಾಲ್ಕನಿಯಲ್ಲಿ ನೆರಳು, ಹೊರಗೆ ಮರ ಗಿಡ ಎಲ್ಲ ತಿಳಿಯಾಗಿ ಬೆಳಗಿರುತ್ತವೆ. ಮಧ್ಯಾಹ್ನದ ನಂತರ ಬಿಸಿಲು ನೇರ ಲೆನ್ಸಿಗೇ ಹೊಡೆದು ಹಾಲ್ ಕಪ್ಪಾಗಿ, ಹೊರಗಿನದು ಬಿಳುಚಿಕೊಂಡು ಚಿತ್ರ ಕೆಡುತ್ತದೆ. ಚಿತ್ರದ ದೃಷ್ಟಿಯಿಂದ ಅವರು ಹೇಳುವುದು ನೂರಕ್ಕೆ ನೂರು ಸರಿ. ಅದರಿಂದಾಗುವುದೇನೆಂದರೆ, ಏಪ್ರಿಲ್ ಸಂಜೆ ಸೋಫಾವರೆಗೆ ಬಿಸಿಲು ಬರುವ ಹಾಲ್ ವಿಡಿಯೋದಲ್ಲಿ ಸದಾ ತಂಪಾಗಿರುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಗಡಿಯಾರ ನೋಡಿ ತೆಗೆದಿದ್ದಾರೆ. ಚಿತ್ರ ಮುಚ್ಚಿಟ್ಟದ್ದನ್ನು ಇಲ್ಲಿ ಮಾತು ತೆರೆಯಬೇಕು:

ಚಿತ್ರ: ಹಾಲ್‌ನಿಂದ ಬಾಲ್ಕನಿಗೆ. ಕಟಕಟೆ ಬಳಿ ನಿಂತು ಎಡದಿಂದ ಬಲಕ್ಕೆ ನಿಧಾನ ನೋಟ. ಕೊನೆಯ ನಾಲ್ಕು ಸೆಕೆಂಡು ರಸ್ತೆಯ ಸದ್ದು ಇದ್ದ ಹಾಗೇ.
ಧ್ವನಿ: ಇದು ಬೆಳಗಿನ ಚಿತ್ರ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಈ ಕಡೆಯಿಂದ. ಎದುರಿನ ಖಾಲಿ ಜಾಗ ಬೇರೆಯವರದು.

ಎದುರಿನ ಜಾಗ ಬೇರೆಯವರದು ಎಂದರೆ ನಾಳೆ ಅಲ್ಲೊಂದು ಕಟ್ಟಡ ಏಳಬಹುದು. ಬುದ್ಧಿವಂತರಿಗೆ ಅಷ್ಟು ಸಾಕು. ರಸ್ತೆಯ ಸದ್ದನ್ನು ಹಾಗೇ ಬಿಡುವುದು ನನ್ನ ಹಟ. ಎಲ್ಲ ವಿಡಿಯೋಗಳೂ ಆ ಜಾಗದಲ್ಲಿ ಕೊಳಲು ನುಡಿಸುತ್ತವೆ.

ಬ್ರೋಷರಿನ ಮುಖಪುಟದಲ್ಲಿದ್ದ 1150 ಚದರ ಅಡಿ ಎಲ್ಲಿಗೆ ಹೋಯಿತು? ಅದು ಸೂಪರ್ ಬಿಲ್ಟ್-ಅಪ್. ಮೆಟ್ಟಿಲು, ಲಿಫ್ಟ್, ಓಣಿ, ಕ್ಲಬ್‌ಹೌಸಿನಂಥವುಗಳ ಪಾಲನ್ನು ಸೇರಿಸಿ ಹೇಳುವ ಅಂಕಿ. ವಿಡಿಯೋದಲ್ಲಿ ಕಾಲಿಟ್ಟು ನಡೆದದ್ದು ಅಷ್ಟು ಜಾಗದಲ್ಲಲ್ಲ. ರೇರಾ ಹೇಳುವ ಕಾರ್ಪೆಟ್ ಏರಿಯಾದಲ್ಲಿ ಒಳಗಿನ ನೆಲ ಮತ್ತು ಕೋಣೆಗಳ ನಡುವಿನ ಗೋಡೆ ಸೇರುತ್ತವೆ. ಹೊರಗೋಡೆ, ಪೈಪಿನ ಡಕ್ಟ್, ಬಾಲ್ಕನಿ ಸೇರುವುದಿಲ್ಲ. ನಮ್ಮ ಮಾದರಿ ಮನೆಯಲ್ಲಿ ಅದು 750, ಅಂದರೆ ದೊಡ್ಡಕ್ಷರದ ಅಂಕಿಯ ನೂರಕ್ಕೆ 65ರಷ್ಟು. ನಡೆದು ತೋರಿಸಿದ ಮೇಲೆ ನಡೆದ ಜಾಗದ ಅಳತೆಯನ್ನೇ ಹೇಳುವುದು ನ್ಯಾಯ. ಕೊನೆಯ ಎಂಟು ಸೆಕೆಂಡಿನಲ್ಲಿ ಮಾತು ಒಂದೇ: ‘ಕಾರ್ಪೆಟ್ ಏರಿಯಾ ಏಳುನೂರ ಐವತ್ತು ಚದರ ಅಡಿ, ಬಾಲ್ಕನಿ ಬಿಟ್ಟು.’ ಯೋಜನೆಯ ರೇರಾ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಫಲಕದ ಮೇಲೆ ಓದಲಾಗುವಷ್ಟು ದೊಡ್ಡದಾಗಿರಲಿ. ವೆಬ್‌ಸೈಟ್ ವಿಳಾಸ ಎದ್ದು ಕಾಣುವಂತೆ ಹಾಕಬೇಕು ಎಂದು ಕಾಯ್ದೆಯೇ ಹೇಳುತ್ತದೆ.

ಸ್ಕ್ರಿಪ್ಟ್ ಸರಿಯಾಗಿದೆಯೇ ಎಂದು ಚಿತ್ರೀಕರಣಕ್ಕೆ ಮುಂಚೆಯೇ ತಿಳಿಯಬಹುದು. ಸ್ಟಾಪ್‌ವಾಚ್ ಇಟ್ಟುಕೊಂಡು ಖಾಲಿ ಫ್ಲ್ಯಾಟಿನಲ್ಲಿ ಗಟ್ಟಿಯಾಗಿ ಓದುತ್ತಾ ನಡೆಯಿರಿ. ಮಾತು ಮುಗಿಯುವ ಮೊದಲೇ ಗೋಡೆ ಬಂದರೆ ಪದ ಹೆಚ್ಚಾಗಿವೆ. ಗೋಡೆ ಮುಟ್ಟಿ ನಿಂತು ಕಾಯಬೇಕಾಗಿಲ್ಲ, ಮಾತೂ ಒತ್ತಿಲ್ಲ ಎಂದರೆ ಸರಿಯಿದೆ. ವಿಡಿಯೋ ತಯಾರಾದ ಮೇಲೆ ಇನ್ನೊಂದು ಪರೀಕ್ಷೆ. ಆ ಮನೆ ನೋಡದ ಒಬ್ಬರಿಗೆ ಒಂದೇ ಸಲ ತೋರಿಸಿ, ಕಾಗದ ಕೊಟ್ಟು ಮನೆಯ ನಕ್ಷೆ ಬರೆಯಲು ಹೇಳಿ. ಗೆರೆ ಸೊಟ್ಟಗಿದ್ದರೂ ಚಿಂತೆಯಿಲ್ಲ. ಅಡುಗೆಮನೆಯನ್ನು ಬಲಗಡೆ ಬರೆದರೆ ಬಾಗಿಲಿನ ಸಾಲು ಸೋತಿದೆ. ಮಾಸ್ಟರ್ ಬೆಡ್‌ರೂಮ್ ಎಲ್ಲಿ ಎಂದು ಪೆನ್ನು ನಿಂತರೆ ಹಾಲ್‌ನ ಜೋಡಣೆಯ ಸಾಲು ಸೋತಿದೆ. ಯಾವ ಸಾಲನ್ನು ತಿದ್ದಬೇಕೆಂದು ಆ ಕಾಗದವೇ ತೋರಿಸುತ್ತದೆ.

ವಿಡಿಯೋ ಮಾಡದೆ ಬರೀ ನೋಡುವವರಿಗೂ ಈ ಲೆಕ್ಕಗಳು ಉಪಯೋಗಕ್ಕೆ ಬರುತ್ತವೆ. ಬಿಲ್ಡರ್ ಕಳಿಸಿದ ವಿಡಿಯೋದಲ್ಲಿ ದಿಕ್ಕು ಹೇಳದಿದ್ದರೆ ಕೇಳಿ, ಯಾವ ಹೊತ್ತಿನಲ್ಲಿ ತೆಗೆದದ್ದು ಎಂದು ಕೇಳಿ, ಕಂಡ ಸಾಮಾನುಗಳಲ್ಲಿ ಯಾವುದು ಒಪ್ಪಂದದಲ್ಲಿದೆ ಎಂದು ಬರಹದಲ್ಲೇ ಪಡೆಯಿರಿ. ಕಾರ್ಪೆಟ್ ಏರಿಯಾವನ್ನು rera.karnataka.gov.in ನಲ್ಲಿ ಆ ಯೋಜನೆಯ ದಾಖಲೆಯೊಂದಿಗೆ ಹೋಲಿಸಿ ನೋಡಿ. ಮುಂಗಡ ಕೊಡುವ ಮುನ್ನ ಬ್ರೋಷರನ್ನೂ ವಿಡಿಯೋವನ್ನೂ ನಿಮ್ಮ ಬಳಿ ಉಳಿಸಿಟ್ಟುಕೊಳ್ಳಿ. ಮುಂದೊಂದು ದಿನ ದೂರು ಕೊಡುವ ಪ್ರಸಂಗ ಬಂದರೆ ತೋರಿಸಲು ಇರುವುದು ಅವೇ.